ಪಕ್ಕಪಕ್ಕದ ಎರಡು ಪರದೆಗೆ ಒಂದೇ ಬಿಳಿ

ಒಂದೇ ಕಂಪ್ಯೂಟರಿಗೆ ಜೋಡಿಸಿದ ಎರಡು ಬೇರೆ ಬೇರೆ ಮಾನಿಟರುಗಳಲ್ಲಿ ಒಂದೇ ಖಾಲಿ ಪುಟ ತೆರೆದರೆ, ಒಂದರಲ್ಲಿ ಅದು ತುಸು ಹಳದಿಯಾಗಿಯೂ ಇನ್ನೊಂದರಲ್ಲಿ ನೀಲಿಯಾಗಿಯೂ ಕಾಣುವುದು ಮಾಮೂಲು. ಕಂಪ್ಯೂಟರು ಎರಡಕ್ಕೂ ಕಳಿಸುವ ಅಂಕಿ ಮಾತ್ರ ಒಂದೇ: ಕೆಂಪು 255, ಹಸಿರು 255, ನೀಲಿ 255. ಆದರೆ ಈ ಅಂಕಿಗಳಿಗೆ ‘ಇಷ್ಟು ಬೆಳಕು ಕೊಡು’ ಎಂಬ ಅರ್ಥವಿಲ್ಲ. ‘ನಿನ್ನಲ್ಲಿ ಇರುವಷ್ಟನ್ನೂ ಕೊಡು’ ಎಂಬುದಷ್ಟೇ ಅರ್ಥ. ಒಬ್ಬೊಬ್ಬ ತಯಾರಕರ ಪರದೆಯಲ್ಲಿ ಇರುವುದು ಒಂದೊಂದು ಥರ. ಹಿಂಬದಿಯಲ್ಲಿ ಉರಿಯುವ ಎಲ್ಇಡಿ ದೀಪಗಳು ಬೇರೆ, ಅವುಗಳ ಮುಂದೆ ಕೂರುವ ಬಣ್ಣದ ಸೋಸುಗಳು ಬೇರೆ, ಕಾರ್ಖಾನೆಯಲ್ಲಿ ಇಟ್ಟು ಕಳಿಸಿದ ಹೊಂದಾಣಿಕೆ ಬೇರೆ. ಬಳಸುತ್ತ ಹೋದಂತೆ ದೀಪವೂ ಮಂಕಾಗುತ್ತದೆ, ಬಣ್ಣವೂ ತುಸು ಬದಲಾಗುತ್ತದೆ.

ಒಂಟಿಯಾಗಿದ್ದಾಗ ಈ ಎರಡೂ ಪರದೆಗಳು ಬಿಳಿಯಾಗಿಯೇ ಕಾಣುತ್ತವೆ. ನೀಲಿ ಹಾಕಿ ಒಗೆದ ಪಂಚೆಯ ಪಕ್ಕ ಒಣಹಾಕುವ ತನಕ ಹಳೆಯ ಪಂಚೆಯೂ ಬಿಳಿಯೇ ಅಲ್ಲವೇ! ಕಣ್ಣು ತನ್ನೆದುರಿನ ಅತಿ ಪ್ರಕಾಶಮಾನ ವಸ್ತುವನ್ನೇ ಬಿಳಿ ಎಂದು ಒಪ್ಪಿಕೊಂಡು ಉಳಿದ ಬಣ್ಣಗಳನ್ನು ಅದಕ್ಕೆ ಹೋಲಿಸಿ ನೋಡುತ್ತದೆ. ಎರಡು ಬಿಳಿಗಳು ಒಟ್ಟಿಗೆ ಎದುರಾದಾಗ ಅದಕ್ಕೆ ಹಾಗೆ ರಾಜಿಯಾಗಲು ಆಗುವುದಿಲ್ಲ. ಆದ್ದರಿಂದ ಎರಡು ಮಾನಿಟರುಗಳನ್ನು ಹೊಂದಿಸುವ ಕೆಲಸದ ಮುಕ್ಕಾಲು ಪಾಲು ಬಿಳಿಯನ್ನು ಹೊಂದಿಸುವ ಕೆಲಸವೇ. ಬಿಳಿಯ ಪ್ರಮಾಣ ಮತ್ತು ಛಾಯೆ ಒಂದಾದರೆ ಕಚೇರಿ ಕೆಲಸಕ್ಕೆ ಅಷ್ಟೇ ಸಾಕಾಗುತ್ತದೆ. ಫೋಟೋ, ವಿಡಿಯೊ, ವಿನ್ಯಾಸದ ಕೆಲಸ ಮಾಡುವವರು ಇನ್ನೆರಡು ಹೆಜ್ಜೆ ಮುಂದೆ ಹೋಗಬೇಕಾಗುತ್ತದೆ.

ಗುಂಡಿ ಒತ್ತುವ ಮುನ್ನ ಪರದೆಯ ಬಣ್ಣವನ್ನು ತಮ್ಮಷ್ಟಕ್ಕೆ ಬದಲಿಸುವ ಸೌಲಭ್ಯಗಳನ್ನೆಲ್ಲ ನಿಲ್ಲಿಸಬೇಕು. ವಿಂಡೋಸ್‌ನಲ್ಲಿ Night light, ಮ್ಯಾಕ್‌ನಲ್ಲಿ Night Shift ಮತ್ತು True Tone, ಮಾನಿಟರಿನ ಮೆನುವಿನಲ್ಲಿ ವಿದ್ಯುತ್ ಉಳಿಸುವ ಮೋಡ್, ಡೈನಮಿಕ್ ಕಾಂಟ್ರಾಸ್ಟ್, ಕೋಣೆಯ ಬೆಳಕು ನೋಡಿ ಹೊಳಪು ಏರಿಳಿಸುವ ಸೆನ್ಸರ್, ‘ಸಿನಿಮಾ’ ‘ಗೇಮ್’ ಹೆಸರಿನ ಮೋಡ್‌ಗಳು ಎಲ್ಲವೂ ಈ ಪಟ್ಟಿಗೆ ಸೇರಿದವು. ಇವುಗಳಲ್ಲಿ ಒಂದು ಉಳಿದುಕೊಂಡರೂ ಬೆಳಗ್ಗೆ ಹೊಂದಿಸಿದ್ದು ಸಂಜೆಗೆ ಕೆಟ್ಟಿರುತ್ತದೆ. ಆಮೇಲೆ ಎರಡನ್ನೂ ಅರ್ಧ ಗಂಟೆ ಉರಿಯಲು ಬಿಡಬೇಕು. ತಣ್ಣಗಿನ ದೀಪದ ಬೆಳಕು ಕಾದ ಮೇಲಿನ ಬೆಳಕಿನಂತಿರುವುದಿಲ್ಲ.

ಇನ್ನೊಂದು ಕಾರಣ ಕೇಬಲಿನಲ್ಲಿ ಅಡಗಿರುತ್ತದೆ, ಬಹಳ ಮಂದಿಗೆ ಅದು ಹೊಳೆಯುವುದೇ ಇಲ್ಲ. ಟಿವಿಗಾಗಿ ರೂಪುಗೊಂಡ ಸಂಪ್ರದಾಯದಲ್ಲಿ ಕಪ್ಪು ಎಂದರೆ 16, ಬಿಳಿ ಎಂದರೆ 235; ಕಂಪ್ಯೂಟರಿನ ಲೆಕ್ಕದಲ್ಲಿ ಕಪ್ಪು 0, ಬಿಳಿ 255. ಎಚ್‌ಡಿಎಂಐ ಕೇಬಲಿನ ಒಂದು ತುದಿ ಟಿವಿ ಲೆಕ್ಕದಲ್ಲಿಯೂ ಇನ್ನೊಂದು ತುದಿ ಕಂಪ್ಯೂಟರಿನ ಲೆಕ್ಕದಲ್ಲಿಯೂ ಇದ್ದರೆ ಆ ಪರದೆಯಲ್ಲಿ ಕಪ್ಪು ಬೂದಿಯಾಗಿ, ಬಿಳಿ ಮಂಕಾಗಿ, ಇಡೀ ಚಿತ್ರ ಮಂಜು ಕವಿದಂತೆ ಕಾಣುತ್ತದೆ. ಇದು ತಿರುಗುಮುರುಗಾದರೆ ನೆರಳಿನ ಭಾಗಗಳೆಲ್ಲ ಗಟ್ಟಿ ಕಪ್ಪಾಗಿ ವಿವರ ಮಾಯವಾಗುತ್ತದೆ. ಈ ದೋಷವನ್ನು ಬ್ರೈಟ್‌ನೆಸ್ ಗುಂಡಿಯಿಂದ ಸರಿಪಡಿಸಲು ಹೊರಟರೆ ದಿನವಿಡೀ ಹೆಣಗಾಡಿದರೂ ಆಗದು. ಗ್ರಾಫಿಕ್ಸ್ ಕಾರ್ಡಿನ ಸೆಟ್ಟಿಂಗ್‌ನಲ್ಲಿ Full ಎಂದು ಆರಿಸಿ, ಮಾನಿಟರಿನ ಮೆನುವಿನಲ್ಲಿಯೂ ಅದಕ್ಕೆ ಹೊಂದುವಂತೆ ಇಟ್ಟರೆ ಒಂದೇ ಕ್ಷಣದಲ್ಲಿ ಸರಿಹೋಗುತ್ತದೆ.

ಇಷ್ಟಾದ ಮೇಲೆ ಯಾವುದನ್ನು ಮಾದರಿಯಾಗಿ ಇಟ್ಟುಕೊಳ್ಳುವುದು ಎಂಬ ಪ್ರಶ್ನೆ. ಹೊಸದನ್ನೇ ಮಾದರಿ ಮಾಡಿಕೊಂಡು ಹಳೆಯದನ್ನು ಅದರ ಮಟ್ಟಕ್ಕೆ ಏರಿಸುವ ಆಸೆ ಸಹಜ, ಆದರೆ ಅದು ನಡೆಯುವುದಿಲ್ಲ. ಶಕ್ತಿ ಹೆಚ್ಚಿರುವ ಪರದೆಯನ್ನು ಇಳಿಸಬಹುದು, ಶಕ್ತಿ ಕುಂದಿದ್ದನ್ನು ಏರಿಸಲಾಗದು. ಹೀಗಾಗಿ ದುರ್ಬಲವಾದದ್ದೇ ಮಾದರಿ. ಹಳೆಯದರ ಬಣ್ಣವನ್ನು ಆದಷ್ಟು ಮುಟ್ಟದೆ, ಹೊಸದನ್ನು ಅದರ ಹತ್ತಿರಕ್ಕೆ ತರುವುದು ದಾರಿ.

ಒಂದು ಉದಾಹರಣೆಯನ್ನು ಹಿಡಿದು ಸಾಗೋಣ. ಎಡಗಡೆ ಕೆಲವು ವರ್ಷ ದುಡಿದ 24 ಇಂಚಿನ ಸಾಧಾರಣ ಐಪಿಎಸ್ ಮಾನಿಟರ್; ಬಲಗಡೆ ಹೆಚ್ಚು ಗಾಢವಾದ ಬಣ್ಣಗಳನ್ನು ತೋರಬಲ್ಲ 27 ಇಂಚಿನ ಹೊಸದು. ಹಳೆಯದರ ಗರಿಷ್ಠ ಬೆಳಕು ಕೊಂಡಾಗ ಚದರ ಮೀಟರಿಗೆ 250 ಕ್ಯಾಂಡೆಲಾ, ಅಂದರೆ ಮಾತಿನಲ್ಲಿ 250 ನಿಟ್. ಈಗ 210ಕ್ಕೆ ಇಳಿದಿದೆ ಎಂದಿಟ್ಟುಕೊಳ್ಳಬಹುದು. ಹೊಸದರದು 350. ಎರಡರ ಮೆನುವಿನಲ್ಲೂ ಬ್ರೈಟ್‌ನೆಸ್ 50 ಎಂದು ಇಟ್ಟರೆ ಸಮವಾಯಿತೆಂದು ಅನೇಕರು ತಿಳಿಯುತ್ತಾರೆ. ಆ 50 ಎಂಬುದು ಆಯಾ ಮಾನಿಟರಿನ ಸ್ವಂತ ಅಳತೆಗೋಲಿನ ನಡುಭಾಗವೇ ಹೊರತು ಇಬ್ಬರಿಗೂ ಒಪ್ಪಿತವಾದ ಮಾನವಲ್ಲ.

ಸಾಧಾರಣ ಬೆಳಕಿನ ಕೋಣೆಗೆ 120 ನಿಟ್ ಹಿತವಾದ ಮಟ್ಟ. ಬಣ್ಣದ ಕೆಲಸದವರು ಬಹಳ ಕಾಲದಿಂದ ಇಟ್ಟುಕೊಂಡು ಬಂದ ಗುರಿಯೂ ಇದೇ. ಅಳೆಯುವ ಉಪಕರಣ ಇಲ್ಲದಿದ್ದರೆ ಕೈಯಲ್ಲಿರುವ ಫೋನೇ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕ್ಯಾಮೆರಾದ Pro ಮೋಡ್‌ನಲ್ಲಿ ಐಎಸ್‌ಒ, ಶಟರ್ ವೇಗ, ವೈಟ್ ಬ್ಯಾಲೆನ್ಸ್ ಮೂರನ್ನೂ ಒಂದು ಅಂಕಿಗೆ ಕಟ್ಟಿಹಾಕಿ, ಪರದೆಗಳ ತುಂಬ ಬೂದುಬಣ್ಣ ತುಂಬಿ, ಒಂದೇ ದೂರದಿಂದ ನೇರ ಎದುರಿಗೆ ನಿಂತು ಒಂದೊಂದರ ಚಿತ್ರ ತೆಗೆಯಬೇಕು. ಶಟರ್ ಸೆಕೆಂಡಿನ ಮೂವತ್ತನೇ ಒಂದರಷ್ಟು ನಿಧಾನವಿದ್ದರೆ ಒಳ್ಳೆಯದು. ಕೆಲವು ಪರದೆಗಳ ದೀಪ ಕಣ್ಣಿಗೆ ತಿಳಿಯದಷ್ಟು ವೇಗವಾಗಿ ಆರಿ ಹೊತ್ತುತ್ತಿರುತ್ತದೆ, ಶಟರ್ ಚುರುಕಾದರೆ ಚಿತ್ರದಲ್ಲಿ ಪಟ್ಟೆಗಳು ಮೂಡುತ್ತವೆ. ಎರಡು ಚಿತ್ರಗಳು ಒಂದೇ ಮಟ್ಟದ ಬೂದಿಯಾಗಿ ಬರುವ ತನಕ ಹೊಸದರ ಬ್ರೈಟ್‌ನೆಸ್ ಇಳಿಸುತ್ತ ಹೋಗುವುದು. ನಮ್ಮ ಉದಾಹರಣೆಯಲ್ಲಿ ಹಳೆಯದರ ಬ್ರೈಟ್‌ನೆಸ್ 55ಕ್ಕೂ ಹೊಸದರದು 28ಕ್ಕೂ ಬಂದು ನಿಂತವು ಎನ್ನೋಣ. ನೂರಕ್ಕೆ ಮೂರೋ ನಾಲ್ಕೋ ವ್ಯತ್ಯಾಸ ಉಳಿದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಎರಡು ಪರದೆಗಳ ನಡುವಿನ ಕಪ್ಪು ಅಂಚು ಅಷ್ಟನ್ನು ನುಂಗಿಬಿಡುತ್ತದೆ.

ಫೋನಿನ ಈ ಉಪಾಯ ಬೆಳಕಿನ ಪ್ರಮಾಣಕ್ಕೆ ಮಾತ್ರ. ಛಾಯೆಯ ವಿಷಯದಲ್ಲಿ ಕ್ಯಾಮೆರಾವನ್ನು ನಂಬುವಂತಿಲ್ಲ, ಏಕೆಂದರೆ ಅದರ ಸೆನ್ಸರಿನ ಬಣ್ಣದ ಸೋಸುಗಳು ಮನುಷ್ಯನ ಕಣ್ಣು ನೋಡುವಂತೆ ನೋಡುವುದಿಲ್ಲ. ಹಿಂಬದಿಯ ದೀಪಗಳ ಜಾತಿ ಬೇರೆಯಾದಷ್ಟೂ ಅದರ ತಪ್ಪು ಹೆಚ್ಚು.

ಛಾಯೆಯನ್ನು ಹೊಂದಿಸಲು ಮಾನಿಟರಿನ ಮೆನುವಿನಲ್ಲಿ ಬಣ್ಣದ ವಿಭಾಗಕ್ಕೆ ಹೋಗಿ User ಅಥವಾ Custom ಎಂಬುದನ್ನು ಆರಿಸಿದರೆ ಕೆಂಪು, ಹಸಿರು, ನೀಲಿ ಎಂಬ ಮೂರು ಪಟ್ಟಿಗಳು ತೆರೆದುಕೊಳ್ಳುತ್ತವೆ. Warm, Cool ಎಂಬ ಸಿದ್ಧ ಆಯ್ಕೆಗಳ ಹೆಜ್ಜೆಗಳು ತೀರ ದೊಡ್ಡವು. ಎರಡು ಬೇರೆ ಮಾನಿಟರುಗಳ Warm ಒಂದೇ ಆಗಿರುವುದೂ ಇಲ್ಲ. ಈ ಪಟ್ಟಿಗಳಲ್ಲಿ ಒಂದು ನಿಯಮ: ಕಡಿಮೆಯಾದ ಬಣ್ಣವನ್ನು ಹೆಚ್ಚಿಸುವ ಬದಲು ಹೆಚ್ಚಾದದ್ದನ್ನು ಇಳಿಸಬೇಕು. ಪರದೆ ನೀಲಿಯಾಗಿದ್ದರೆ ನೀಲಿ ಇಳಿಸುವುದು, ಹಸಿರಾಗಿದ್ದರೆ ಹಸಿರು. ಹಳದಿಯಾಗಿದ್ದರೆ ಕೆಂಪು ಮತ್ತು ಹಸಿರು ಎರಡನ್ನೂ ಸಮವಾಗಿ, ಏಕೆಂದರೆ ಪರದೆಯ ಹಳದಿ ಈ ಎರಡರ ಕೂಡಿಕೆ. ನಸುಗುಲಾಬಿಯಾಗಿದ್ದರೆ ಕೆಂಪು ಮತ್ತು ನೀಲಿ. ಮೇಲಕ್ಕೆ ಏರಿಸಿದರೆ ತಿಳಿಬಣ್ಣಗಳೆಲ್ಲ ಗರಿಷ್ಠ ಮಟ್ಟಕ್ಕೆ ತಗಲಿ ಒಂದರೊಳಗೊಂದು ಬೆರೆತುಹೋಗುವ ಅಪಾಯವಿದೆ. ಮೋಡದ ಚಿತ್ರದಲ್ಲಿ ಮೋಡದ ಮಡಿಕೆಗಳು ಅಳಿಸಿಹೋದದ್ದು ಅದರ ಗುರುತು.

ಬಿಳಿಯ ಛಾಯೆಯನ್ನು ಕೆಲ್ವಿನ್‌ನಲ್ಲಿ ಹೇಳುವುದು ರೂಢಿ. ಕಂಪ್ಯೂಟರ್ ಪರದೆಗಳಿಗೆ ಒಪ್ಪಿತವಾದ ಬಿಳಿ ಸುಮಾರು 6500 ಕೆಲ್ವಿನ್. ಅದಕ್ಕಿಂತ ಹೆಚ್ಚಾದರೆ ನೀಲಿ, ಕಡಿಮೆಯಾದರೆ ಹಳದಿ. ಉದಾಹರಣೆಯ ಹಳೆಯ ಪರದೆ 6100ರಷ್ಟು, ಹೊಸದು 7000ದಷ್ಟು ಇದ್ದರೆ ಹೊಸದರ ನೀಲಿ ಇಳಿಯಬೇಕು. 100ರಲ್ಲಿದ್ದ ನೀಲಿಯನ್ನು ಎರಡೆರಡು ಅಂಕಿ ಇಳಿಸುತ್ತ 90ರ ಹತ್ತಿರ ಬಂದಾಗ ನೀಲಿ ಹೋಗಿ, ಇಷ್ಟು ಹೊತ್ತು ಅದರ ಹಿಂದೆ ಮರೆಯಾಗಿದ್ದ ಹಸಿರಿನ ಸುಳಿವು ಕಾಣಿಸಿಕೊಳ್ಳಬಹುದು. ಆಗ ಹಸಿರನ್ನು 97ಕ್ಕೆ ಇಳಿಸಬೇಕು. ಇಲ್ಲೊಂದು ಸೂಕ್ಷ್ಮವಿದೆ. ಪರದೆಯ ಬಿಳಿಯಲ್ಲಿ ಕಣ್ಣಿಗೆ ತೋರುವ ಬೆಳಕಿನ ಸುಮಾರು 72 ಪಾಲು ಹಸಿರಿನಿಂದ, 21 ಪಾಲು ಕೆಂಪಿನಿಂದ ಬರುತ್ತದೆ; ನೀಲಿಯಿಂದ ಬರುವುದು ಬರೀ 7 ಪಾಲು. ನೀಲಿಯನ್ನು ಹತ್ತು ಅಂಕಿ ಇಳಿಸಿದರೂ ಹೊಳಪು ಅಲುಗುವುದಿಲ್ಲ, ಹಸಿರನ್ನು ಮೂರು ಅಂಕಿ ಇಳಿಸಿದರೆ ಪರದೆ ಮಂಕಾದದ್ದು ತಿಳಿಯುತ್ತದೆ. ಆದ್ದರಿಂದ ಹಸಿರನ್ನು ಮುಟ್ಟಿದ ಪ್ರತಿ ಸಲವೂ ಬ್ರೈಟ್‌ನೆಸ್‌ಗೆ ಹಿಂದಿರುಗಬೇಕು: 28 ಇದ್ದದ್ದು 30 ಆಗುತ್ತದೆ. ಛಾಯೆ, ಹೊಳಪು, ಮತ್ತೆ ಛಾಯೆ ಎಂದು ಎರಡು ಮೂರು ಸುತ್ತು ತಿರುಗಿದರೆ ಸಾಮಾನ್ಯವಾಗಿ ಕೂಡಿಬರುತ್ತದೆ.

ಕಣ್ಣಿನಿಂದ ತೀರ್ಮಾನಿಸುವುದಕ್ಕೂ ಒಂದು ಕ್ರಮವಿದೆ. ಎದ್ದು ಕಾಣುವ ಬಿಳಿಗಿಂತ 200ರ ಆಸುಪಾಸಿನ ತಿಳಿ ಬೂದಿಯಲ್ಲಿ ಛಾಯೆ ಚೆನ್ನಾಗಿ ಗೊತ್ತಾಗುತ್ತದೆ. ಪರದೆಯನ್ನೇ ದಿಟ್ಟಿಸುತ್ತ ಕೂತರೆ ಕಣ್ಣು ಅದಕ್ಕೆ ಒಗ್ಗಿ ದಾರಿ ತಪ್ಪಿಸುತ್ತದೆ. ಬೇರೆಲ್ಲಾದರೂ ನೋಡಿ, ಒಮ್ಮೆ ಕಣ್ಣು ಹಾಯಿಸಿ, ಮೊದಲ ನೋಟಕ್ಕೆ ತೋರಿದ್ದನ್ನು ನಂಬಬೇಕು. ಸರಿಯಾದ ಅಂಕಿಗೆ ನೇರವಾಗಿ ಹೋಗುವ ಬದಲು ಬೇಕೆಂದೇ ಆಚೆ ದಾಟಿ, ನೀಲಿ ಕಡಿಮೆಯಾಯಿತು ಅನ್ನಿಸುವ ಅಂಕಿಯನ್ನೂ ಹೆಚ್ಚಾಯಿತು ಅನ್ನಿಸುವ ಅಂಕಿಯನ್ನೂ ಗುರುತು ಮಾಡಿಕೊಂಡು ಇವೆರಡರ ನಡುವಿಗೆ ಬರುವುದು ಹೆಚ್ಚು ಖಚಿತ.

ಪ್ರತಿ ಸಲ ಮಾನಿಟರಿನ ಕೆಳಗೆ ಕೈಯಿಟ್ಟು ಗುಂಡಿ ತಡಕಾಡುವುದು ಬೇಸರದ ಕೆಲಸ. ಹೆಚ್ಚಿನ ಮಾನಿಟರುಗಳು ಇದೇ ಆಜ್ಞೆಗಳನ್ನು ಕೇಬಲಿನ ಮೂಲಕವೂ ಸ್ವೀಕರಿಸುತ್ತವೆ. ಲಿನಕ್ಸ್‌ನಲ್ಲಿ ಇದಕ್ಕಿರುವ ಸಾಧನ `ddcutil`. ಬ್ರೈಟ್‌ನೆಸ್‌ಗೆ 10, ಕೆಂಪಿಗೆ 16, ಹಸಿರಿಗೆ 18, ನೀಲಿಗೆ 1A ಎಂಬ ಸಂಕೇತಗಳಿವೆ:

```
ddcutil detect
ddcutil --display 2 setvcp 10 30
ddcutil --display 2 setvcp 18 97
ddcutil --display 2 setvcp 1A 90
```

ಮೊದಲ ಸಾಲು ಜೋಡಣೆಯಾಗಿರುವ ಮಾನಿಟರುಗಳನ್ನು ಪಟ್ಟಿ ಮಾಡುತ್ತದೆ. ಉಳಿದವು ಎರಡನೆಯ ಮಾನಿಟರಿನ ಹೊಳಪು, ಹಸಿರು, ನೀಲಿಗಳನ್ನು ಬದಲಿಸುತ್ತವೆ. ಲ್ಯಾಪ್‌ಟಾಪಿನ ಸ್ವಂತ ಪರದೆಗೆ ಸಾಮಾನ್ಯವಾಗಿ ಈ ಪಟ್ಟಿಗಳೂ ಇಲ್ಲ, ಈ ಆಜ್ಞೆಗಳೂ ನಾಟುವುದಿಲ್ಲ. ಅಲ್ಲಿ ಗ್ರಾಫಿಕ್ಸ್ ಕಾರ್ಡಿನ ಮಟ್ಟದಲ್ಲೇ ಬಣ್ಣ ತಗ್ಗಿಸಬೇಕು. ಹಾಗೆ ಮಾಡಿದಾಗ 256 ಹಂತಗಳಲ್ಲಿ ಕೆಲವು ಕಳೆದುಹೋಗಿ, ನುಣ್ಣಗೆ ಬದಲಾಗುವ ಆಕಾಶದ ಬಣ್ಣದಲ್ಲಿ ತೆಳುವಾದ ಪಟ್ಟೆಗಳು ಕಾಣಬಹುದು. ಲ್ಯಾಪ್‌ಟಾಪಿನ ಪಕ್ಕ ಮಾನಿಟರ್ ಇಟ್ಟುಕೊಳ್ಳುವವರು ಲ್ಯಾಪ್‌ಟಾಪನ್ನೇ ಮಾದರಿ ಮಾಡಿಕೊಳ್ಳುವುದು ಜಾಣತನ.

ಇಷ್ಟೆಲ್ಲ ಪಾಡು ಬೇಡ, ಬಣ್ಣ ಅಳೆಯುವ ಉಪಕರಣ ತಂದರೆ ಮುಗಿಯಿತು ಎಂದುಕೊಂಡವರು ಒಂದು ವಿಚಿತ್ರವನ್ನು ಎದುರಿಸಬೇಕಾಗುತ್ತದೆ. ಪರದೆಯ ಮೇಲೆ ಕೂರಿಸುವ ಕಲರಿಮೀಟರ್ ಎರಡೂ ಬಿಳಿಗಳು ಒಂದೇ ಎಂದು ಅಂಕಿ ತೋರಿಸುತ್ತದೆ, ಕಣ್ಣು ಮಾತ್ರ ಇಲ್ಲ ಎನ್ನುತ್ತದೆ. ಉಪಕರಣವೂ ಕೆಟ್ಟಿಲ್ಲ, ಕಣ್ಣೂ ಕೆಟ್ಟಿಲ್ಲ. ಹಳೆಯ ಪರದೆಯ ಬಿಳಿ ಎಲ್ಇಡಿ ನೀಲಿ ದೀಪಕ್ಕೆ ಹಳದಿ ಲೇಪ ಬಳಿದು ಮಾಡಿದ್ದು. ಅದರ ಬೆಳಕು ಹಸಿರಿನಿಂದ ಕೆಂಪಿನ ತನಕ ಅಗಲವಾಗಿ ಹರಡಿರುತ್ತದೆ. ಗಾಢ ಬಣ್ಣದ ಹೊಸ ಪರದೆಯಲ್ಲಿ ಕೆಂಪು, ಹಸಿರು, ನೀಲಿಗಳು ಒಂದೊಂದೂ ಚೂಪಾದ ಶಿಖರ. ಒಳಗಿನ ಬೆಳಕು ಇಷ್ಟು ಬೇರೆಯಾದರೂ ಕಣ್ಣಿನ ಮೂರು ಬಗೆಯ ಬಣ್ಣಗ್ರಾಹಕ ಕೋಶಗಳಿಗೆ ತಲುಪುವ ಒಟ್ಟು ಮೊತ್ತ ಒಂದೇ ಆದರೆ ಎರಡೂ ಒಂದೇ ಬಿಳಿಯಾಗಿ ತೋರುತ್ತವೆ. ಪ್ರಶ್ನೆ ಇರುವುದು ಆ ಕಣ್ಣು ಯಾರದು ಎಂಬಲ್ಲಿ.

ಉಪಕರಣಗಳು ಲೆಕ್ಕಕ್ಕೆ ಬಳಸುವ ಕಣ್ಣು 1931ರದ್ದು. ಬೆಳಕು ಮತ್ತು ಬಣ್ಣದ ಅಂತರರಾಷ್ಟ್ರೀಯ ಆಯೋಗವಾದ ಸಿಐಇ ಆ ವರ್ಷ ‘ಪ್ರಮಾಣಿತ ವೀಕ್ಷಕ’ನನ್ನು ಗೊತ್ತುಮಾಡಿತು. ಇಂಗ್ಲೆಂಡಿನಲ್ಲಿ ಡೇವಿಡ್ ರೈಟ್ ಹತ್ತು ಜನರ ಮೇಲೆ, ಜಾನ್ ಗಿಲ್ಡ್ ಏಳು ಜನರ ಮೇಲೆ ನಡೆಸಿದ ಪ್ರಯೋಗಗಳೇ ಅದಕ್ಕೆ ಆಧಾರ. ಹದಿನೇಳು ಜನರ ಸರಾಸರಿ ಕಣ್ಣು ಇಂದಿಗೂ ಜಗತ್ತಿನ ಪರದೆಗಳನ್ನೆಲ್ಲ ಅಳೆಯುತ್ತಿದೆ ಎಂಬುದು ನಂಬಲು ತುಸು ಕಷ್ಟವೇ. ಆ ಸರಾಸರಿಗೆ ನೀಲಿಯ ಭಾಗದಲ್ಲಿ ಕೊರತೆಯಿತ್ತು ಎಂಬುದು ಆಮೇಲೆ ತಿಳಿದುಬಂತು. ಜೊತೆಗೆ ಒಬ್ಬರ ಕಣ್ಣು ಇನ್ನೊಬ್ಬರದರಂತಿಲ್ಲ: ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟಿ ನೀಲಿಯನ್ನು ತಡೆಯುತ್ತದೆ, ಪೊರೆ ತೆಗೆಸಿಕೊಂಡವರಿಗೆ ನೀಲಿ ಮತ್ತೆ ತುಂಬಿ ಕಾಣುತ್ತದೆ. ಅಗಲವಾಗಿ ಹರಡಿದ ಬೆಳಕಿನಲ್ಲಿ ಈ ವ್ಯತ್ಯಾಸಗಳು ಅಷ್ಟಾಗಿ ಬಾಧಿಸುವುದಿಲ್ಲ. ಚೂಪು ಶಿಖರಗಳ ಬೆಳಕಿನಲ್ಲಿ ಎದ್ದು ಕಾಣುತ್ತವೆ. ತಂದೆ ಸರಿಯಾಗಿ ಹೊಂದಿಸಿದ ಜೋಡಿ ಮಗಳ ಕಣ್ಣಿಗೆ ಹೊಂದದೆ ಇರುವುದು ಹೀಗೆ.

ಟಿವಿ ಮತ್ತು ಸಿನಿಮಾ ಸ್ಟುಡಿಯೊಗಳಲ್ಲಿ ಈ ತೊಡಕು ದೊಡ್ಡದಾಗಿ ತಲೆದೋರಿತು. ಹಳೆಯ ಪಿಕ್ಚರ್ ಟ್ಯೂಬಿನ ಮಾನಿಟರುಗಳ ಪಕ್ಕ ಓಎಲ್‌ಇಡಿ ಮಾನಿಟರುಗಳನ್ನು ಇಟ್ಟು, ಉಪಕರಣದಿಂದ ಎರಡರ ಬಿಳಿಯನ್ನೂ ಸಮ ಮಾಡಿದರೂ ಒಂದೇ ರೀತಿ ಕಾಣಲಿಲ್ಲ. ಕೊನೆಗೆ ಸೋನಿ ತನ್ನ ಓಎಲ್‌ಇಡಿಗಳಿಗೆ ಬೇರೆಯ ಅಂಕಿಯನ್ನೇ ಸೂಚಿಸಿತು. ಪ್ರಮಾಣಿತ ಬಿಳಿಯ ನಿರ್ದೇಶಾಂಕಗಳು 0.313 ಮತ್ತು 0.329, ಸೋನಿ ಹೇಳಿದ್ದು 0.307 ಮತ್ತು 0.318. ಅಂಕಿಯ ಲೆಕ್ಕದಲ್ಲಿ ಇದು ತಪ್ಪು ಬಿಳಿ, ಕಣ್ಣಿನ ಲೆಕ್ಕದಲ್ಲಿ ಹೊಂದುವ ಬಿಳಿ.

ಮನೆಯಲ್ಲೂ ಇದೇ ದಾರಿ ಹಿಡಿಯಬಹುದು. ಉಪಕರಣ ಇದ್ದರೆ ಒಂದು ಪರದೆಯನ್ನು ಅದರಿಂದ ಸರಿಪಡಿಸಿ, ಎರಡನೆಯದನ್ನು ಅದರ ಹತ್ತಿರಕ್ಕೆ ತಂದು, ಕೊನೆಯ ಎರಡು ಮೂರು ಅಂಕಿಗಳ ತಿದ್ದುಪಡಿಯನ್ನು ಆ ಜಾಗದಲ್ಲಿ ಕೂತು ಕೆಲಸ ಮಾಡುವವರ ಕಣ್ಣಿಗೆ ಬಿಡುವುದು. ಉಪಕರಣದ ತಂತ್ರಾಂಶದಲ್ಲಿ ಹಿಂಬದಿ ದೀಪದ ಬಗೆಯನ್ನು ಆರಿಸುವ ಪಟ್ಟಿ ಇರುತ್ತದೆ. ಗಾಢ ಬಣ್ಣದ ಪರದೆಗೆ ಸಾಧಾರಣ ಬಿಳಿ ಎಲ್ಇಡಿ ಎಂದು ಆರಿಸಿದರೆ ಅಳತೆಯೇ ದಾರಿ ತಪ್ಪುತ್ತದೆ.

ಬಿಳಿ ಕೂಡಿಬಂದ ಮೇಲೂ ಫೋಟೋಗಳು ಒಂದರಲ್ಲಿ ತೊಳೆದಂತೆ, ಇನ್ನೊಂದರಲ್ಲಿ ಕತ್ತಲೆಯಾಗಿ ಕಂಡರೆ ಗಾಮಾ ಬೇರೆಯಿದೆ ಎಂದರ್ಥ. ಕಪ್ಪಿನಿಂದ ಬಿಳಿಗೆ ಹೋಗುವ ದಾರಿಯಲ್ಲಿ ನಡುವಿನ ಬೂದಿಗಳು ಎಷ್ಟು ಬೆಳಗುತ್ತವೆ ಎಂಬುದನ್ನು ಹೇಳುವ ಸಂಖ್ಯೆ ಇದು, ಸಾಮಾನ್ಯವಾಗಿ 2.2. ಪರೀಕ್ಷಿಸಲು ಉಪಕರಣ ಬೇಡ. ಯಾವುದಾದರೂ ಚಿತ್ರ ಬರೆಯುವ ತಂತ್ರಾಂಶದಲ್ಲಿ ಒಂದು ಸಾಲು ಕಪ್ಪು, ಒಂದು ಸಾಲು ಬಿಳಿ ಹೀಗೆ ಅಡ್ಡಗೆರೆಗಳ ಚೌಕವನ್ನು ಮಾಡಿ, ಅದರ ನಡುವೆ 186ರ ಬೂದಿ ತುಂಬಬೇಕು. ಚಿತ್ರವನ್ನು ಹಿಗ್ಗಿಸದೆ ಕುಗ್ಗಿಸದೆ ನೂರಕ್ಕೆ ನೂರರ ಅಳತೆಯಲ್ಲಿ ತೆರೆದು, ದೂರ ನಿಂತು ಕಣ್ಣು ಕಿರಿದು ಮಾಡಿ ನೋಡಿದಾಗ ನಡುವಿನ ಚೌಕ ಗೆರೆಗಳೊಳಗೆ ಕರಗಿಹೋದರೆ ಗಾಮಾ 2.2. ಚೌಕ ಗೆರೆಗಳಿಗಿಂತ ಬೆಳ್ಳಗೆ ಕಂಡರೆ ಗಾಮಾ ಕಡಿಮೆ, ಕಪ್ಪಗೆ ಕಂಡರೆ ಹೆಚ್ಚು. ಮೆನುವಿನ ಗಾಮಾ ಆಯ್ಕೆಗಳನ್ನು ಬದಲಿಸುತ್ತ ಎರಡೂ ಪರದೆಗಳಲ್ಲಿ ಚೌಕ ಮರೆಯಾಗುವಂತೆ ಮಾಡುವುದು.

ಉಳಿದದ್ದು ಗಾಢತೆ. ಬೂದಿಗಳೆಲ್ಲ ಹೊಂದಿದರೂ ಹೊಸ ಪರದೆಯಲ್ಲಿ ಕುಂಕುಮ ಬೆಂಕಿಯಂತೆ ಉರಿಯುತ್ತಿದ್ದರೆ ಅದಕ್ಕೆ ಕಾರಣ ಆ ಪರದೆಯ ಕೆಂಪೇ ಬೇರೆ ಕೆಂಪು. ಸಾಧಾರಣ ಪರದೆಗಳು ಎಸ್‌ಆರ್‌ಜಿಬಿ ಎಂಬ ಬಣ್ಣಗಳ ವ್ಯಾಪ್ತಿಯನ್ನು ಅನುಸರಿಸುತ್ತವೆ. ಎಚ್‌ಪಿ ಮತ್ತು ಮೈಕ್ರೋಸಾಫ್ಟ್ 1996ರಲ್ಲಿ ಮುಂದಿಟ್ಟ ಮಾನದಂಡ ಅದು. ಈಚಿನ ಪರದೆಗಳ ಪಿ3 ವ್ಯಾಪ್ತಿ ಅದಕ್ಕಿಂತ ಹಿರಿದು. ಹಳೆಯ ಪರದೆಯ ಪೂರ್ಣ ಕೆಂಪನ್ನು, ಅಂದರೆ 255, 0, 0 ಎಂಬುದನ್ನು ಪಿ3 ಪರದೆಯಲ್ಲಿ ಅಷ್ಟೇ ಗಾಢವಾಗಿ ತೋರಿಸಬೇಕಾದರೆ ಅದಕ್ಕೆ ಕೊಡಬೇಕಾದ ಅಂಕಿಗಳು 234, 51, 35. ಕೆಂಪಿನ ತೀಕ್ಷ್ಣತೆ ತಗ್ಗಿಸಲು ಅಷ್ಟು ಹಸಿರು, ನೀಲಿ ಬೆರೆಸಲೇಬೇಕು. ಈ ಪರಿವರ್ತನೆಯನ್ನು ಮಾನಿಟರಿನ ಮೆನುವಿನಲ್ಲಿರುವ sRGB ಮೋಡ್ ತಾನೇ ಮಾಡುತ್ತದೆ. ಆದರೆ ಎಷ್ಟೋ ಮಾನಿಟರುಗಳಲ್ಲಿ ಈ ಮೋಡ್ ಆರಿಸಿದ ಕೂಡಲೇ ಕೆಂಪು, ಹಸಿರು, ನೀಲಿ ಪಟ್ಟಿಗಳು ಬೀಗ ಹಾಕಿಕೊಳ್ಳುತ್ತವೆ, ಕೆಲವದರಲ್ಲಿ ಬ್ರೈಟ್‌ನೆಸ್ ಕೂಡ. ಇದು ತಯಾರಕರ ಅನಗತ್ಯ ಹಟ ಎನ್ನದೆ ವಿಧಿಯಿಲ್ಲ. ಹಾಗಾದಾಗ ಮೊದಲಿನ ನಿಯಮವನ್ನು ತಿರುಗಿಸಿ, ಬೀಗ ಬಿದ್ದ ಹೊಸ ಪರದೆಯನ್ನೇ ಮಾದರಿಯಾಗಿಟ್ಟು ಹಳೆಯದನ್ನು ಸಾಧ್ಯವಾದಷ್ಟು ಅದರ ಕಡೆಗೆ ತರಬೇಕು. ಮಾನಿಟರಿನ ಬಣ್ಣದ ಪ್ರೊಫೈಲನ್ನು ಕಂಪ್ಯೂಟರಿನಲ್ಲಿ ಹಾಕುವುದು ಇನ್ನೊಂದು ಮಾರ್ಗ. ಫೋಟೋ ತಂತ್ರಾಂಶಗಳು ಅದನ್ನು ಗೌರವಿಸುತ್ತವೆ, ಹಲವು ಸಾಧಾರಣ ತಂತ್ರಾಂಶಗಳು ಕ್ಯಾರೇ ಎನ್ನುವುದಿಲ್ಲ.

ಕೆಲವು ವ್ಯತ್ಯಾಸಗಳು ಯಾವ ಗುಂಡಿಗೂ ಬಗ್ಗವು. ಐಪಿಎಸ್ ಪರದೆಯ ಬಿಳಿ ಅದರ ಕಪ್ಪಿಗಿಂತ ಸುಮಾರು ಸಾವಿರ ಪಟ್ಟು, ವಿಎ ಪರದೆಯಲ್ಲಿ ಸುಮಾರು ಮೂರು ಸಾವಿರ ಪಟ್ಟು ಬೆಳಗುತ್ತದೆ. ಕತ್ತಲ ಕೋಣೆಯಲ್ಲಿ ಸಿನಿಮಾ ನೋಡುವಾಗ ಒಂದರ ಕಪ್ಪು ಬೂದಿಯಾಗಿಯೇ ಉಳಿಯುತ್ತದೆ. ಟ್ಯೂಬ್‌ಲೈಟ್ ಉರಿಯುವ ಕೋಣೆಯಲ್ಲಿ ಈ ಭೇದ ಹೆಚ್ಚು ತಿಳಿಯುವುದಿಲ್ಲ. ಹಳೆಯ ಟಿಎನ್ ಪರದೆಯಲ್ಲಿ ತಲೆ ಒಂದು ಗೇಣು ಮೇಲೆ ಕೆಳಗೆ ಆದರೆ ಬಣ್ಣವೇ ಬದಲಾಗುತ್ತದೆ, ಅದರ ಜೊತೆಗಿನ ಹೊಂದಾಣಿಕೆ ಒಂದೇ ಭಂಗಿಯಲ್ಲಿ ಕೂತಿರುವ ತನಕ ಮಾತ್ರ. ಎರಡೂ ಪರದೆಗಳನ್ನು ತುಸು ಒಳಮುಖವಾಗಿ ತಿರುಗಿಸಿ ಕಣ್ಣಿಗೆ ನೇರವಾಗುವಂತೆ ಇಟ್ಟರೆ ಈ ಬಾಧೆ ಕಡಿಮೆ. ಒಂದೇ ಪರದೆಯ ನಡುವಿಗೂ ಮೂಲೆಗೂ ವ್ಯತ್ಯಾಸ ಇರುತ್ತದಾದ್ದರಿಂದ ಹೋಲಿಕೆಯನ್ನು ನಡುಭಾಗದಲ್ಲಿ ಮಾಡಬೇಕೇ ಹೊರತು ಎರಡು ಪರದೆಗಳು ಕೂಡುವ ಅಂಚಿನಲ್ಲಿ ಅಲ್ಲ.

ಹೊಂದಿಸಿದ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದಿಡುವುದು ಲೇಸು. ಮಾನಿಟರಿನ ಮೋಡ್ ಬದಲಾದರೆ ಅವು ಅಳಿಸಿಹೋಗುವುದುಂಟು. ಹಳೆಯ ಪರದೆಯ ದೀಪ ಸವೆಯುತ್ತ ಹೋಗುವುದರಿಂದ ಕೆಲವು ತಿಂಗಳಿಗೊಮ್ಮೆ ಅದೇ ಬೂದಿಯನ್ನು ತೆರೆದು ನೋಡಿ, ಹಳೆಯದರ ಬ್ರೈಟ್‌ನೆಸ್ 55 ಇದ್ದದ್ದನ್ನು 58ಕ್ಕೋ 60ಕ್ಕೋ ಏರಿಸಬೇಕಾಗುತ್ತದೆ. ಅದು 100 ಮುಟ್ಟಿದ ಮೇಲೆ ಏರಿಸಲು ಏನೂ ಉಳಿಯುವುದಿಲ್ಲ; ಅಲ್ಲಿಂದ ಮುಂದೆ 120 ನಿಟ್‌ನ ಗುರಿಯನ್ನು ಬಿಟ್ಟು, ಹಳೆಯದು ಎಷ್ಟು ಕೊಡುತ್ತದೋ ಅಷ್ಟಕ್ಕೆ ಹೊಸದನ್ನು ಇಳಿಸಬೇಕು.